ಒಣ ಫೋಟೋಗೆ ಒದ್ದೆ ರೇನ್‌ಕೋಟ್ ತೊಡಿಸಿದ್ದು

ಗೆಳೆಯನೊಬ್ಬ ಹತ್ತಿ ಅಂಗಿಯಲ್ಲಿ ನಿಂತಿದ್ದ ಫೋಟೋ ಕೊಟ್ಟು, ಮಳೆಯಲ್ಲಿ ಹಳದಿ ರೇನ್‌ಕೋಟ್ ಹಾಕಿಕೊಂಡು ನಿಂತ ಹಾಗೆ ಮಾಡಿಕೊಡು ಅಂದ. ಕೋಟನ್ನು ಮೈಗೆ ಕೂರಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕೈಕೊಟ್ಟಿದ್ದು ಹೊಳಪು.

ಮೊದಲು ಫೋಟೋಶಾಪ್‌ನಲ್ಲಿ ಬ್ರಷ್ ಹಿಡಿದು ಮಡಿಕೆ ಮಡಿಕೆಗೂ ತಿಳಿ ಹಳದಿ ಗೆರೆ ಎಳೆದೆ. ಕೋಟು ಆಟಿಕೆಯ ಹಾಗೆ ಕಂಡಿತು. ನೀರಿನ ಮೈಯಿಂದ ನೇರ ಪುಟಿಯುವ ಬೆಳಕಿಗೆ ಬಟ್ಟೆಯ ಬಣ್ಣ ಅಂಟುವುದಿಲ್ಲ, ಆಕಾಶದ ಬಣ್ಣವೇ ಇರುತ್ತದೆ, ಹಾಗಾಗಿ ಹಳದಿ ಕೋಟಿನ ಮೇಲೂ ಹೊಳಪು ಬೂದುಬಿಳಿಯಾಗಿಯೇ ಕಾಣಬೇಕು. ಜೊತೆಗೆ, ಮೋಡ ಮುಸುಕಿದಾಗ ಇಡೀ ಆಕಾಶವೇ ದೀಪ ಅಲ್ವಾ? ಆಗ ಭುಜ, ಟೋಪಿಯ ನೆತ್ತಿ, ತೋಳಿನ ಮಡಿಕೆಗಳ ಮೇಲಂಚು ಅಗಲವಾಗಿ ಹೊಳೆಯುತ್ತವೆ. ಕಂಕುಳ ಕೆಳಗೆ ಹೊಳಪೇ ಇರುವುದಿಲ್ಲ. ನಾನು ಎಲ್ಲ ಕಡೆ ಸಮನಾಗಿ ಬಳಿದಿದ್ದೆ.

ಅದನ್ನೆಲ್ಲ ಅಳಿಸಿ ನಿಜವಾದ ಹೊಳಪನ್ನೇ ಹಿಡಿಯೋಣ ಅಂತ ಹೊರಟೆ. ಮೋಡದ ದಿನ ಅಂಥದೇ ಕೋಟನ್ನು ಹ್ಯಾಂಗರ್‌ಗೆ ಹಾಕಿ, ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಕ್ಸ್‌ಪೋಶರ್ ಕೈಯಿಂದಲೇ ಹೊಂದಿಸಿ ಒಣಗಿದ್ದಾಗ ಒಂದು ಫೋಟೋ ತೆಗೆದೆ. ಆಮೇಲೆ ಕೋಟು ಅಲುಗದ ಹಾಗೆ ಸ್ಪ್ರೇ ಬಾಟಲಿಯಿಂದ ನೀರು ಹೊಡೆದು ಇನ್ನೊಂದು ತೆಗೆದೆ. ಒದ್ದೆ ಫೋಟೋ ಕೆಳಗೆ, ಒಣ ಫೋಟೋ ಮೇಲೆ ಇಟ್ಟು, ಮೇಲಿನ ಲೇಯರಿನ ಬ್ಲೆಂಡ್ ಮೋಡನ್ನು Subtract ಮಾಡಿದರೆ ಒದ್ದೆಯದರಿಂದ ಒಣದು ಕಳೆದುಹೋಗಿ, ನೀರು ತಂದ ಬೆಳಕಷ್ಟೇ ಕಪ್ಪಿನ ಮೇಲೆ ಉಳಿಯುತ್ತದೆ. ಅವೆರಡನ್ನೂ ಒಂದು ಮಾಡಿ, ಗೆಳೆಯನ ಕೋಟಿನ ಮಡಿಕೆಗಳಿಗೆ ಹೊಂದುವಂತೆ Warp ನಿಂದ ಬಾಗಿಸಿ, ಕಪ್ಪು ಮಾಯವಾಗಿ ಬೆಳಕಷ್ಟೇ ಕಾಣುವ Screen ಮೋಡ್‌ನಲ್ಲಿ ಹಾಕಿದೆ. ಕೋಟು ಕೂದಲೆಳೆಯಷ್ಟು ಜರುಗಿದ್ದರೂ ಹೊಲಿಗೆಯ ಪಕ್ಕ ಜೋಡಿ ಗೆರೆ ಬರುತ್ತದೆ, ಆಗ ಮತ್ತೆ ತೆಗೆಯದೆ ಬೇರೆ ದಾರಿಯಿಲ್ಲ. ಹನಿಗಳ ಕಪ್ಪಂಚು Subtract ನಲ್ಲಿ ಹಾರಿಹೋಗುತ್ತದೆ, ಅದನ್ನು ಎದ್ದು ಕಾಣುವ ಹನಿಗಳಿಗೆ ಮಾತ್ರ ಕೈಯಲ್ಲೇ ಬರೆದೆ.

ಕೋಟಿನ ಕೆಳಗೆ ಇಣುಕುತ್ತಿದ್ದ ಹತ್ತಿ ಪ್ಯಾಂಟಿನ ಕಥೆ ಬೇರೆ. ಹತ್ತಿ ನೀರು ಕುಡಿದರೆ ಹೊಳೆಯುವುದಕ್ಕಿಂತ ಜಾಸ್ತಿ ಕಪ್ಪಾಗುತ್ತದೆ. ಎಳೆಗಳ ನಡುವೆ ನೀರು ತುಂಬಿದಾಗ ಒಳಗೆ ಹೋದ ಬೆಳಕು ಸುಲಭವಾಗಿ ಹೊರಗೆ ಬರುವುದಿಲ್ಲ. ಅದಕ್ಕೆ Curves ನಲ್ಲಿ ಬೆಳಕು ಇಳಿಸಿ, ಬಣ್ಣ ಸ್ವಲ್ಪ ಗಾಢ ಮಾಡಿದೆ. ಒದ್ದೆಯ ಅಂಚನ್ನು ಮೊಣಕಾಲಿನ ಹತ್ತಿರ ಅಂಕುಡೊಂಕಾಗಿಯೇ ಬಿಟ್ಟೆ.

ಸುತ್ತಲಿನದರಲ್ಲಿ ಮಳೆಗೆರೆಗಳಿಗಿಂತ ನೆಲವೇ ಮುಖ್ಯ. ನೆಲವನ್ನು ಕಪ್ಪಾಗಿಸಿ, ಕೋಟನ್ನು ತಲೆಕೆಳಗೆ ಮಾಡಿ, ಮೇಲೆ ಕೆಳಗೆ ಎಳೆದ ಹಾಗೆ ಮಸುಕು ಮಾಡಿ ಒದ್ದೆ ನೆಲದ ಪ್ರತಿಬಿಂಬವಾಗಿ ಕಾಲಿನ ಕೆಳಗೆ ಇಟ್ಟೆ. ಕೋಟಿನ ಬಣ್ಣ ಮುಖದ ಮೇಲೂ ಬೀಳುತ್ತದಲ್ಲ, ಗದ್ದದ ಕೆಳಗೂ ಚೂರು ಹಳದಿ ಛಾಯೆ ಕೊಟ್ಟೆ. ಮೂಲ ಫೋಟೋ ನೆರಳಿನಲ್ಲಿ ತೆಗೆದದ್ದು ನನ್ನ ಪುಣ್ಯ, ಮೂಗಿನ ಕೆಳಗೆ ಬಿಸಿಲಿನ ಗಟ್ಟಿ ನೆರಳು ಇದ್ದಿದ್ದರೆ ಈ ಕೆಲಸ ಒಪ್ಪಿಕೊಳ್ಳುತ್ತಲೇ ಇರಲಿಲ್ಲ.

ಕಳಿಸಿದ ಮೇಲೆ ಗೆಳೆಯ ಕೇಳಿದ್ದು ಒಂದೇ: "ಶೂ ಯಾಕೋ ಒಣಗಿದೆ?"