ಮಾಡೆಲ್‌ನಿಂದ ಡ್ರಾಯಿಂಗ್‌ಗೆ: ಅಳತೆ ಎಲ್ಲಿಂದ ಕೊಡಬೇಕು?

ಕಂಪ್ಯೂಟರಿನಲ್ಲಿ ಮಾಡೆಲ್ ಸಿದ್ಧವಾದ ಮೇಲೆ ಡ್ರಾಯಿಂಗ್ ತೆಗೆಯುವುದು ಸುಲಭ ಅನಿಸುತ್ತದೆ. ವ್ಯೂಗಳು ತಾವಾಗಿ ಬಂದು ಕೂರುತ್ತವೆ. ಒಂದು ಬಟನ್ ಒತ್ತಿದರೆ ಅಳತೆಗಳೂ ಬರುತ್ತವೆ. ಆದರೆ ಅವು ನೀವು ಮಾಡೆಲ್ ಕಟ್ಟುವಾಗ ಟೈಪ್ ಮಾಡಿದ ಅಳತೆಗಳು. ಲೇಥ್ ಮುಂದೆ ನಿಂತವರಿಗೆ ಬೇಕಾದವು ಬೇರೆಯೇ ಇರಬಹುದು.

ಒಂದು ಬೇರಿಂಗ್ ಹೌಸಿಂಗ್ ತೆಗೆದುಕೊಳ್ಳೋಣ. ಫ್ಲೇಂಜಿನ ವ್ಯಾಸ 100 ಮಿ.ಮೀ., ದಪ್ಪ 12. ಅದರ ಹಿಂದೆ 64 ವ್ಯಾಸದ ಬಾಸ್, ಉದ್ದ 20. ಒಟ್ಟು ಉದ್ದ 32. ಒಳಗೆ 6204 ಬೇರಿಂಗ್ ಕೂರಬೇಕು. ಅದರ ಹೊರವ್ಯಾಸ 47, ಅಗಲ 14. ಬೇರಿಂಗನ್ನು ಫ್ಲೇಂಜಿನ ಮುಖದ ಕಡೆಯಿಂದ ತಳ್ಳುತ್ತೇವೆ. ಹಿಂದೆ 40 ವ್ಯಾಸದ ತೂತು ಆರಪಾರ ಹೋಗುತ್ತದೆ. ಫ್ಲೇಂಜನ್ನು ಯಂತ್ರದ ಪ್ಲೇಟಿಗೆ ನಾಲ್ಕು M8 ಬೋಲ್ಟು ಹಾಕಿ ಬಿಗಿದಾಗ, ಆ ಪ್ಲೇಟೇ ಬೇರಿಂಗ್ ಹೊರಗೆ ಬರದಂತೆ ತಡೆಯುತ್ತದೆ.

ಮೊದಲು ವ್ಯೂ

ದುಂಡನೆಯ ಮುಖ ಕಾಣುವ ವ್ಯೂ ಒಂದನ್ನು ಇಡಿ. ನಾಲ್ಕು ಬೋಲ್ಟ್ ತೂತುಗಳಲ್ಲಿ ಎರಡು ನೇರ ಮೇಲೆ-ಕೆಳಗೆ ಬರುವಂತೆ ತಿರುಗಿಸಿ. ಈಗ ನಡುವೆ ಲಂಬವಾಗಿ ಸೆಕ್ಷನ್ ಗೆರೆ ಎಳೆದರೆ, A-A ಸೆಕ್ಷನ್ನಿನಲ್ಲಿ ಬೇರಿಂಗ್ ಬೋರ್, ಹಿಂದಿನ ತೂತು, ಬೋಲ್ಟ್ ತೂತು ಮೂರೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಅಲ್ಲಿ ಪಾರ್ಟಿನ ಅಕ್ಷ ಅಡ್ಡಡ್ಡ ಬರುತ್ತದೆ. ಲೇಥಿನಲ್ಲೂ ಪಾರ್ಟ್ ಹಾಗೇ ಇರುತ್ತದೆ ಅಲ್ವಾ, ಓದುವವರಿಗೆ ಅನುಕೂಲ.

ಸೆಕ್ಷನ್ ತೆಗೆದ ಮೇಲೆ ಚುಕ್ಕೆ ಗೆರೆಗಳನ್ನು ಆಫ್ ಮಾಡಿ. ಒಳಗಿನದೆಲ್ಲ ಕಾಣುತ್ತಿರುವಾಗ ಅವು ಸುಮ್ನೆ ಗೊಂದಲ. ಎರಡು ವ್ಯೂ ಸಾಕು, ಮೂರನೆಯದು ಬೇಡ.

ಅಳತೆ

ಜಾಸ್ತಿ ಯೋಚನೆ ಬೇಕಾದ್ದು ಇಲ್ಲಿ. ಮಾಡೆಲ್ ಮಾಡಿದವರು ಫ್ಲೇಂಜ್ 12, ಬಾಸ್ 20 ಎಂದು ಎಳೆದು, ಹಿಂದಿನ 40ರ ತೂತನ್ನು 18 ಉದ್ದ ಕೊರೆದಿದ್ದಾರೆ ಅಂದುಕೊಳ್ಳಿ. ಲೆಕ್ಕ ಸರಿಯಿದೆ: 12 + 20 − 18 = 14. ಆದರೆ ಟೈಟಲ್ ಬ್ಲಾಕಿನ ಸಾಮಾನ್ಯ ಟಾಲರೆನ್ಸ್ ಸಾಲಿನಲ್ಲಿ ISO 2768-m ಎಂದು ಬರೆದಿದ್ದರೆ, 6ಕ್ಕಿಂತ ಹೆಚ್ಚು, 30ರವರೆಗಿನ ಪ್ರತಿ ಅಳತೆಗೂ ±0.2 ಬಿಟ್ಟುಕೊಟ್ಟಂತೆ. ಮೂರೂ ಸೇರಿದರೆ ಬೇರಿಂಗ್ ಕೂರುವ ಆಳ 13.4ರಿಂದ 14.6ರವರೆಗೆ ಎಲ್ಲಿ ಬೇಕಾದರೂ ಬರಬಹುದು. 13.4 ಬಂದರೆ ಬೇರಿಂಗ್ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಹೊರಗೆ ಚಾಚುತ್ತದೆ, ಫ್ಲೇಂಜ್ ಪ್ಲೇಟಿಗೆ ಅಂಟುವುದೇ ಇಲ್ಲ. ಹಾಗಿದ್ದೂ ಪಾರ್ಟ್ ಡ್ರಾಯಿಂಗ್ ಪ್ರಕಾರ ಸರಿಯಾಗೇ ಇರುತ್ತದೆ! ಮಾಡಿದವರನ್ನು ದೂರುವಂತಿಲ್ಲ.

ಹಾಗಾಗಿ ಪ್ಲೇಟಿಗೆ ತಾಗುವ ಫ್ಲೇಂಜ್ ಮುಖವನ್ನೇ ಆಧಾರವಾಗಿ ಹಿಡಿಯಿರಿ. ಅಲ್ಲಿಂದ ಬೇರಿಂಗ್ ಆಳ 14 ಎಂದು ನೇರವಾಗಿ ಕೊಟ್ಟು, ಪಕ್ಕದಲ್ಲಿ +0.1 / 0 ಬರೆಯಿರಿ. ಬೇರಿಂಗ್ ಅಗಲ 14ನ್ನು ಮೀರುವುದಿಲ್ಲ, ಆದ್ದರಿಂದ ಅದು ಹೊರಗೆ ಚಾಚುವ ಪ್ರಶ್ನೆಯಿಲ್ಲ. ಉದ್ದದಲ್ಲಿ ಸ್ವಲ್ಪ ಆಟ ಉಳಿಯುತ್ತದೆ. ಆಟವೇ ಬೇಡವಾದರೆ ಜೋಡಣೆಯನ್ನೇ ಬೇರೆ ರೀತಿ ಮಾಡಬೇಕು. ಅದೇ ಮುಖದಿಂದ ಫ್ಲೇಂಜ್ 12, ಒಟ್ಟು 32 ಕೊಡಿ. 20 ಮತ್ತು 18ನ್ನು ಅಳಿಸಿಬಿಡಿ. ಅವನ್ನೂ ಉಳಿಸಿದರೆ ಒಂದೇ ಉದ್ದಕ್ಕೆ ಎರಡು ದಾರಿಯಾಗಿ, ಯಾವುದನ್ನು ನಂಬಬೇಕೆಂದು ತಿಳಿಯದು.

ವ್ಯಾಸಗಳನ್ನು ಸೆಕ್ಷನ್ ವ್ಯೂನಲ್ಲಿ ಹಾಕಿ. ಬೇರಿಂಗ್ ಬೋರಿಗೆ Ø47 H7, ಅಂದರೆ 47.000ರಿಂದ 47.025. ಆ ಮೇಲ್ಮೈ ಎಷ್ಟು ನಯವಾಗಿರಬೇಕು ಎಂದು ಹೇಳಲು Ra 1.6. ಬೋರಿನ ತಳದ ಮೂಲೆಗೆ R0.6 ಗರಿಷ್ಠ ಎಂದು ಬರೆಯಲು ಮರೆಯಬೇಡಿ. ಮೂಲೆಯ ದುಂಡು ದೊಡ್ಡದಾದರೆ ಬೇರಿಂಗ್ ಅದರ ಮೇಲೇ ಕೂತು ತಳ ಮುಟ್ಟುವುದಿಲ್ಲ. ಬೋಲ್ಟ್ ತೂತುಗಳನ್ನು ದುಂಡು ವ್ಯೂನಲ್ಲಿ ಒಂದೇ ಬಾರಿ ಬರೆದರೆ ಸಾಕು: 4 × Ø9, ಪಿಸಿಡಿ 82. ಪಿಸಿಡಿ ಅಂದರೆ ತೂತುಗಳ ಕೇಂದ್ರಗಳು ಕೂರುವ ವೃತ್ತದ ವ್ಯಾಸ.

ಟೈಟಲ್ ಬ್ಲಾಕ್

ಹಾಳೆಯ ಬಲ ಕೆಳಮೂಲೆಯಲ್ಲಿ ಪಾರ್ಟಿನ ಹೆಸರು, ಡ್ರಾಯಿಂಗ್ ನಂಬರ್, ಮಟೀರಿಯಲ್, ಸ್ಕೇಲ್, ದಿನಾಂಕ, ಬರೆದವರು ಮತ್ತು ಪರೀಕ್ಷಿಸಿದವರ ಸಹಿ ಇರಲಿ. ಸಾಮಾನ್ಯ ಟಾಲರೆನ್ಸ್ ಸಾಲು ಖಾಲಿ ಬಿಟ್ಟರೆ ಮೇಲೆ ಹೇಳಿದ ಲೆಕ್ಕಕ್ಕೆ ಬುಡವೇ ಇಲ್ಲ. ಫಸ್ಟ್ ಆಂಗಲ್ಲೋ ಥರ್ಡ್ ಆಂಗಲ್ಲೋ ಎಂಬ ಚಿಹ್ನೆಯೂ ಬೇಕು. ಈ ಹೌಸಿಂಗ್ ಸುತ್ತಲೂ ಒಂದೇ ಥರ ಇರುವುದರಿಂದ ತೊಂದರೆ ಕಾಣದು, ಆದರೆ ಒಂದು ಬದಿಗೆ ಮಾತ್ರ ತೂತಿರುವ ಪಾರ್ಟ್ ಆದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿ ತಯಾರಾಗಬಹುದು.

ಕೊನೆಗೆ ಮಾಡೆಲ್ ಮುಚ್ಚಿಟ್ಟು, ಪ್ರಿಂಟ್ ಮಾತ್ರ ನೋಡಿ ಪಾರ್ಟ್ ಮಾಡುವಂತೆ ಓದಿಕೊಂಡು ಹೋಗಿ. ಕೂಡಿಸಿ ಕಳೆದು ಅಳತೆ ಹುಡುಕಬೇಕಾದ ಜಾಗ ಸಿಕ್ಕರೆ ಅಲ್ಲಿ ನಿಲ್ಲಿ. ಬಿಡುಗಡೆಯಾದ ಮೇಲೆ ಆ 14ರ ಟಾಲರೆನ್ಸ್ ಬದಲಿಸಬೇಕಾಗಿ ಬಂದರೆ, ರಿವಿಷನ್ ಅಕ್ಷರವನ್ನು A ಇಂದ B ಮಾಡಿ, ಏನು ಬದಲಾಯಿತು ಎಂದು ಅಲ್ಲೇ ಬರೆದು, ಹಳೆಯ ಪ್ರಿಂಟುಗಳನ್ನು ಮೆಷಿನ್ ಪಕ್ಕದಿಂದ ತೆಗೆಸಿ.