ಉದ್ದದ ಪೋಸ್ಟಿಂಗ್ ಲಿಸ್ಟಿನಲ್ಲಿ ಹಾರಿ ಹೋಗುವುದು: ಸ್ಕಿಪ್ ಪಾಯಿಂಟರ್ ಜೊತೆ ನನ್ನ ಅನುಭವ

ಕನ್ನಡ ಬರಹಗಳ ಒಂದು ಸಂಗ್ರಹಕ್ಕೆ ನಾನೇ ಸರ್ಚ್ ಬರೆದಿದ್ದೆ. ಒಂದೊಂದು ಪ್ಯಾರಾವೂ ಒಂದು ದಾಖಲೆ, ಅದಕ್ಕೊಂದು ನಂಬರ್. ಪ್ರತಿ ಪದಕ್ಕೂ ಅದು ಬರುವ ದಾಖಲೆಗಳ ನಂಬರುಗಳು ಏರಿಕೆ ಕ್ರಮದಲ್ಲಿ, ಇದೇ ಆ ಪದದ ಪೋಸ್ಟಿಂಗ್ ಲಿಸ್ಟ್. ಒಂದೇ ಪದ ಹುಡುಕಿದರೆ ಉತ್ತರ ತಕ್ಷಣ ಬರುತ್ತಿತ್ತು. ‘ಅಘನಾಶಿನಿ ನದಿ’ ಅಂತ ಎರಡು ಪದ ಕೊಟ್ಟರೆ ನಿಧಾನ.

ಕಾರಣ ಸುಲಭ. ಎರಡು ಲಿಸ್ಟಿನಲ್ಲೂ ಇರುವ ನಂಬರ್ ಬೇಕೆಂದರೆ ಎರಡರ ಮೇಲೂ ಒಂದೊಂದು ಬೆರಳಿಟ್ಟು, ಚಿಕ್ಕ ನಂಬರ್ ಇರುವ ಬೆರಳನ್ನು ಮುಂದೆ ಸರಿಸುತ್ತಾ ಹೋಗಬೇಕು. ‘ಅಘನಾಶಿನಿ’ ಅಪರೂಪದ ಪದ, ‘ನದಿ’ ಎಲ್ಲೆಲ್ಲೂ ಇದೆ. ಕೆಲಸವೆಲ್ಲ ‘ನದಿ’ಯ ಲಿಸ್ಟನ್ನು ಸುಮ್ನೆ ದಾಟುವುದರಲ್ಲೇ ಹೋಗುತ್ತಿತ್ತು.

ಇದಕ್ಕೆ ಮದ್ದು ಸ್ಕಿಪ್ ಪಾಯಿಂಟರ್: ಲಿಸ್ಟನ್ನು ಬ್ಲಾಕುಗಳಾಗಿ ಒಡೆದು, ಒಂದು ಬ್ಲಾಕಿನಿಂದ ಮುಂದಿನದರ ಶುರುವಿಗೆ ನೇರ ಹಾರಲು ಇಡುವ ಗುರುತು. ಚಿಕ್ಕದಾಗಿ ಹೀಗೆ. ‘ನದಿ’ಯನ್ನು ನಾಲ್ಕು ನಾಲ್ಕರ ಬ್ಲಾಕ್ ಮಾಡಿದ್ದೇನೆ:

```
ನದಿ:       3 7 12 18 | 25 31 36 44 | 52 58 63 71 | 80 86 93 99
ಅಘನಾಶಿನಿ:  7 63 97
```

7 ಎರಡರಲ್ಲೂ ಸಿಕ್ಕಿತು. ಮುಂದೆ ಬೇಕಾದದ್ದು 63, ‘ನದಿ’ಯಲ್ಲಿ ನಾವು 12ರ ಮೇಲಿದ್ದೇವೆ. ಸ್ಕಿಪ್ ಪಾಯಿಂಟರ್ ಬ್ಲಾಕಿನ ಮೊದಲ ನಂಬರಿಗೆ ಮಾತ್ರ ಅಂಟಿಕೊಂಡಿದ್ದರೆ, 18 ದಾಟಿ 25ಕ್ಕೆ ನಡೆದೇ ಹೋಗಬೇಕು. ಅಲ್ಲಿಂದ 52ಕ್ಕೆ ಹಾರಬಹುದು. 52ರಿಂದ 80ಕ್ಕೆ ಹಾರುವ ಹಾಗಿಲ್ಲ, 63 ತಪ್ಪಿ ಹೋಗುತ್ತದೆ. ಇಷ್ಟು ಮಾಡಿ ನೋಡದೆ ಬಿಟ್ಟದ್ದು 31, 36, 44 ಮಾತ್ರ.

ಅದಕ್ಕೇ ನಾನು ಪಾಯಿಂಟರುಗಳನ್ನು ಲಿಸ್ಟಿನೊಳಗೆ ಇಡದೆ, ಬೇರೆಯೇ ಒಂದು ಪುಟ್ಟ ಪಟ್ಟಿ ಮಾಡಿದೆ: 3, 25, 52, 80, ಮತ್ತು ಒಂದೊಂದೂ ಲಿಸ್ಟಿನಲ್ಲಿ ಎಲ್ಲಿ ಶುರುವಾಗುತ್ತದೆ ಎಂಬುದು. ಈಗ 12ರ ಮೇಲೆ ಇದ್ದಾಗಲೇ ಪಟ್ಟಿ ನೋಡಿ ನೇರ 52ಕ್ಕೆ ಹೋಗಬಹುದು. ಕೆಳಗೆ `skips` ಅಂದರೆ ಆ ಪುಟ್ಟ ಪಟ್ಟಿ, `b` ನಾವಿರುವ ಬ್ಲಾಕ್, `pos` ಲಿಸ್ಟಿನಲ್ಲಿ ನಾವಿರುವ ಜಾಗ, `target` ಬೇಕಾದ ನಂಬರ್.

```python
while b + 1 < len(skips) and skips[b + 1][0] <= target:
    b += 1
pos = max(pos, skips[b][1])
```

ಕೊನೆಯ ಸಾಲಿನ `max` ಸಣ್ಣದು, ಆದರೆ ಅದಿಲ್ಲದಿದ್ದರೆ ಬ್ಲಾಕಿನ ಮಧ್ಯದಲ್ಲಿ ಇರುವವರು ಮತ್ತೆ ಅದರ ಶುರುವಿಗೆ ಹಿಂದೆ ಹೋಗುತ್ತಾರೆ. ಉತ್ತರ ಆಗಲೂ ಸರಿಯೇ ಬರುತ್ತದೆ, ವೇಗ ಮಾತ್ರ ಸೋರಿಹೋಗುತ್ತದೆ. ಹಾಗಾಗಿ ಉತ್ತರ ತಾಳೆ ನೋಡುವ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಎಷ್ಟು ನಂಬರ್ ಮುಟ್ಟಿದೆವು ಎಂದು ಎಣಿಸುವ ಕೌಂಟರ್ ಒಂದನ್ನು ಇಟ್ಟುಕೊಳ್ಳಲೇಬೇಕು.

ಇನ್ನು ಬ್ಲಾಕ್ ಎಷ್ಟು ದೊಡ್ಡದಿರಬೇಕು? ಪಠ್ಯಪುಸ್ತಕಗಳು ಲಿಸ್ಟಿನ ಉದ್ದದ ವರ್ಗಮೂಲ ಇಡಿ ಅನ್ನುತ್ತವೆ. 10 ಲಕ್ಷದ ಲಿಸ್ಟಿಗೆ 1,000. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಅಪರೂಪದ ಪದ 50 ದಾಖಲೆಗಳಲ್ಲಿದೆ ಅಂತಿಟ್ಟುಕೊಳ್ಳಿ. ಸ್ಕಿಪ್ ಪಟ್ಟಿ ದಾಟಲು 1,000 ಹೆಜ್ಜೆ, ಆಮೇಲೆ ಒಂದೊಂದಕ್ಕೂ ಸರಾಸರಿ ಅರ್ಧ ಬ್ಲಾಕ್, ಅಂದರೆ 50 × 500. ಒಟ್ಟು 26,000. ಹತ್ತು ಲಕ್ಷದ ಮುಂದೆ ಇದು ಭಾರಿ ಲಾಭವೇ. ಆದರೆ ಬ್ಲಾಕ್ 200 ಮಾಡಿದರೆ 5,000 + 5,000, ಬರೀ 10,000! ವರ್ಗಮೂಲದ ನಿಯಮ ಉದ್ದದ ಲಿಸ್ಟನ್ನು ಮಾತ್ರ ನೋಡುತ್ತದೆ, ಎಷ್ಟು ಸಲ ಹುಡುಕುತ್ತೇವೆ ಎಂಬುದನ್ನು ನೋಡುವುದಿಲ್ಲ. ಉದ್ದ P, ಹುಡುಕಾಟ k ಆದರೆ ಒಳ್ಳೆಯ ಅಳತೆ ಸುಮಾರು √(2P/k). ಇಂಡೆಕ್ಸ್ ಕಟ್ಟುವಾಗ k ಗೊತ್ತಿರುವುದಿಲ್ಲ ಅಲ್ವಾ? ಅದಕ್ಕೆ ನಾನು 128ಕ್ಕೆ ನಿಲ್ಲಿಸಿದೆ. ಇದೇ ಉದಾಹರಣೆಗೆ ಅದು ಸುಮಾರು 11,000 ಹೆಜ್ಜೆ, ನಷ್ಟ ಜಾಸ್ತಿ ಇಲ್ಲ. ಲೂಸೀನ್ ಎಂಬ ಸರ್ಚ್ ಲೈಬ್ರರಿ ಕೂಡ ಪೋಸ್ಟಿಂಗ್‌ಗಳನ್ನು ಬಹುಕಾಲ 128ರ ಬ್ಲಾಕುಗಳಲ್ಲೇ ಇಡುತ್ತಿತ್ತು, ಅಲ್ಲಿ ಈ ಹಾರುವ ಕೆಲಸದ ಹೆಸರು `advance`.

ನಿಜವಾದ ತಲೆನೋವು ಬಂದದ್ದು ಜಾಗ ಉಳಿಸಲು ಹೋದಾಗ. ಡಿಸ್ಕಿನಲ್ಲಿ ನಂಬರುಗಳನ್ನು ಹಾಗೇ ಇಡುವುದಿಲ್ಲ, ಹಿಂದಿನದಕ್ಕಿಂತ ಎಷ್ಟು ಜಾಸ್ತಿ ಎಂಬುದನ್ನು ಇಡುತ್ತೇವೆ: 25, 31, 36 ಎನ್ನುವುದು 25, 6, 5 ಆಗುತ್ತದೆ. ಮಧ್ಯಕ್ಕೆ ಹಾರಿ 6 ಓದಿದರೆ ಅದು ಯಾವುದರ ಮೇಲಿನ 6? ಆದ್ದರಿಂದ ಸ್ಕಿಪ್ ಪಟ್ಟಿಯಲ್ಲಿ ಬೈಟ್ ಆಫ್‌ಸೆಟ್ ಜೊತೆಗೆ ಪೂರ್ತಿ ದಾಖಲೆ ನಂಬರೂ ಇರಬೇಕು, ಹಾರಿದಾಗ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಒಂದನ್ನು ಬಿಟ್ಟರೆ ಪ್ರೋಗ್ರಾಂ ಬೀಳುವುದಿಲ್ಲ, ಎರರ್ ಬರುವುದಿಲ್ಲ, ಕೆಲವು ದಾಖಲೆಗಳು ಸದ್ದಿಲ್ಲದೆ ಉತ್ತರದಿಂದ ಕಾಣೆಯಾಗುತ್ತವೆ. ಹಾರದೇ ನಡೆಯುವ ಹಳೆಯ ಕೋಡನ್ನು ನಾನು ಅಳಿಸಿಲ್ಲ. ಅದೇ ಪ್ರಶ್ನೆಯನ್ನು ಎರಡಕ್ಕೂ ಕೊಟ್ಟು ಉತ್ತರ ಅಕ್ಷರಶಃ ಒಂದೇ ಇದೆಯಾ ನೋಡುತ್ತೇನೆ. ಬ್ಲಾಕಿನ ಮೊದಲ ನಂಬರು ಮತ್ತು ಅರ್ಧ ತುಂಬಿದ ಕೊನೆಯ ಬ್ಲಾಕ್, ಇವೆರಡರ ಮೇಲೆ ವಿಶೇಷ ಕಣ್ಣು.

ಮೂರು ಪದಗಳಿದ್ದರೆ ಚಿಕ್ಕ ಎರಡು ಲಿಸ್ಟುಗಳನ್ನು ಮೊದಲು ಸೇರಿಸಿ, ಬಂದದ್ದನ್ನು ಉದ್ದದ್ದರಲ್ಲಿ ಹುಡುಕುತ್ತೇನೆ. ‘ನದಿ ಅಥವಾ ಹೊಳೆ’ ಎಂಬಂಥ ಹುಡುಕಾಟಕ್ಕೆ ಸ್ಕಿಪ್ ಉಪಯೋಗವಿಲ್ಲ, ಅಲ್ಲಿ ಪ್ರತಿ ನಂಬರೂ ಉತ್ತರವೇ. ‘ನದಿ ನೀರು’ ಎಂಬಲ್ಲೂ ಅಷ್ಟೆ: ಎರಡೂ ಉದ್ದ, ಪ್ರತಿ ಬ್ಲಾಕಿನಲ್ಲೂ ಏನಾದರೂ ನೋಡುವುದು ಇದ್ದೇ ಇರುತ್ತದೆ, ಹಾರಲು ಜಾಗವೇ ಇಲ್ಲ, ಪಟ್ಟಿ ನೋಡಿದ್ದು ದಂಡ. ಹಾಗಾಗಿ ಚಿಕ್ಕ ಲಿಸ್ಟಿನ ಸರಾಸರಿ ಜಿಗಿತ ಒಂದು ಬ್ಲಾಕಿಗಿಂತ ಕಡಿಮೆ ಅನ್ನಿಸಿದರೆ, ಅಂದರೆ P/k 128ಕ್ಕಿಂತ ಚಿಕ್ಕದಾದರೆ, ನನ್ನ ಕೋಡು ಸ್ಕಿಪ್ ಪಟ್ಟಿಯನ್ನು ತೆರೆಯುವುದೇ ಇಲ್ಲ.