ನೆಟ್‌ವರ್ತ್ 14 ಲಕ್ಷ ಏರಿತು, ನಾನು ಹಿಂದೆ ಬಿದ್ದಿದ್ದೆ

ಮೂರು ತಿಂಗಳಿಗೊಮ್ಮೆ ಲೆಕ್ಕ ಬರೆಯುತ್ತೇನೆ ಅಂದಾಗ ಆಫೀಸಿನಲ್ಲಿ ನಕ್ಕವರೇ ಜಾಸ್ತಿ. "ನೋಡ್ತಾ ಕೂತ್ರೆ ದುಡ್ಡು ಮರಿ ಹಾಕುತ್ತಾ ಸಾರ್?" ಅಂತ ಒಬ್ಬರು ಕೇಳಿದ್ದರು. ಈಗ ಅವರೇ ನನ್ನ ಶೀಟಿನ ಕಾಪಿ ಇಟ್ಟುಕೊಂಡಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎಸ್‌ಐಪಿ, ಪಿಎಫ್ ಅಂದರೇನು ಅಂತ ಇಲ್ಲಿ ಹೇಳುವುದಿಲ್ಲ, ಅದೆಲ್ಲ ನಿಮಗೆ ಗೊತ್ತಿರುವುದೇ.

ಮೊದಲು ಎಲ್ಲರ ಹಾಗೆ ಒಂದೇ ಮೊತ್ತ ಬರೆಯುತ್ತಿದ್ದೆ. ಆಸ್ತಿ ಕೂಡಿಸು, ಸಾಲ ಕಳೆ, ಮುಗೀತು. ಆ ಮೊತ್ತ ಎಷ್ಟು ಸುಳ್ಳು ಹೇಳುತ್ತದೆ ಅಂತ ಗೊತ್ತಾಗಿದ್ದು 2024ರ ಸೆಪ್ಟೆಂಬರ್‌ನಿಂದ 2025ರ ಮಾರ್ಚ್‌ವರೆಗಿನ ಎರಡು ಕ್ವಾರ್ಟರ್‌ಗಳಲ್ಲಿ. ಆಗ ನಿಫ್ಟಿ 25,800ರ ಹತ್ತಿರದಿಂದ 23,500ಕ್ಕೆ ಇಳಿದಿತ್ತು. ಚಿನ್ನ ಮಾತ್ರ ಹಿಡಿಯುವವರಿಲ್ಲದ ಹಾಗೆ ಓಡುತ್ತಿತ್ತು.

ನೆನಪಿನಿಂದ ಹೇಳುತ್ತೇನೆ, ಅಂಕಿ ಸ್ವಲ್ಪ ಆಚೀಚೆ ಆಗಬಹುದು. ಸೆಪ್ಟೆಂಬರ್ ಕೊನೆಗೆ ಮೈಸೂರಿನ ನಮ್ಮ ಮನೆ 85 ಲಕ್ಷ, ರಿಂಗ್ ರೋಡ್ ಆಚೆಯ ಸೈಟು 40, ಮನೆಯಲ್ಲಿರುವ 300 ಗ್ರಾಂ ಒಡವೆ 21. ಮ್ಯೂಚುವಲ್ ಫಂಡ್ 52, ಪಿಎಫ್ 34, ಎಫ್‌ಡಿ 8. ಗೃಹಸಾಲ ಬಾಕಿ 22. ಒಟ್ಟು 218 ಲಕ್ಷ. ಮಾರ್ಚ್ ಕೊನೆಗೆ ಪಕ್ಕದ ಸೈಟು ಒಳ್ಳೇ ರೇಟಿಗೆ ಹೋಗಿದ್ದರಿಂದ ನನ್ನದಕ್ಕೂ 48 ಬರೆದೆ. ಒಡವೆ 25 ಆಯಿತು. ಒಟ್ಟು 232 ಲಕ್ಷ. ಆರು ತಿಂಗಳಲ್ಲಿ 14 ಲಕ್ಷ! ಮನೆಯಲ್ಲಿ ಎಲ್ಲರಿಗೂ ಖುಷಿಯೋ ಖುಷಿ.

ಆದರೆ ಇರುವ ಮನೆಯನ್ನು ಮಾರಿ ಅಕ್ಕಿ ತರುವುದಿಲ್ಲ. ಹೆಂಡತಿಯ ಬಳೆ ಬಿಚ್ಚಿಸಿ ಕರೆಂಟ್ ಬಿಲ್ ಕಟ್ಟುವುದಿಲ್ಲ. ಖಾಲಿ ಸೈಟು ಒಂದು ರೂಪಾಯಿ ಬಾಡಿಗೆ ಕೊಡುವುದಿಲ್ಲ. ಹಾಗಾಗಿ ಈ ಮೂರನ್ನೂ ಬದಿಗೆ ಸರಿಸಿದೆ. ಉಳಿದದ್ದಕ್ಕೆ ನಮ್ಮ ಮನೆಯಲ್ಲಿ 'ದುಡಿಯುವ ದುಡ್ಡು' ಅನ್ನುತ್ತೇವೆ: ಫಂಡ್, ಪಿಎಫ್, ಎಫ್‌ಡಿ ಕೂಡಿಸಿ ಸಾಲದ ಬಾಕಿ ಕಳೆದದ್ದು. ಸೆಪ್ಟೆಂಬರ್‌ನಲ್ಲಿ ಅದು 72 ಲಕ್ಷ ಇತ್ತು. ಮಾರ್ಚ್‌ನಲ್ಲಿ ಫಂಡ್ 49.5, ಪಿಎಫ್ 37.2, ಎಫ್‌ಡಿ 8.3, ಸಾಲ 21. ಅಂದರೆ 74. ಏರಿದ್ದು 14 ಅಲ್ಲ, ಬರೀ 2.

ಆ 2 ಲಕ್ಷದಲ್ಲೂ ನಾನು ಹಾಕಿದ್ದೆಷ್ಟು? ಎಸ್‌ಐಪಿ 3.6, ಪಿಎಫ್ 1.8, ಸಾಲದ ಅಸಲು 1 ಲಕ್ಷ. ಒಟ್ಟು 6.4. ಅಂದರೆ ಬಡ್ಡಿ ಬಂದ ಮೇಲೂ ಮಾರುಕಟ್ಟೆ 4.4 ಲಕ್ಷ ತಿಂದುಹಾಕಿತ್ತು. ಈ ಎರಡು ಕಾಲಂ ಬೇರೆ ಬೇರೆ ಇರಲೇಬೇಕು. 'ನಾನು ಹಾಕಿದ್ದು' ನನ್ನ ಕೈಯಲ್ಲಿದೆ, 'ಅದು ತಾನಾಗಿ ಮಾಡಿದ್ದು' ನನ್ನ ಕೈಯಲ್ಲಿಲ್ಲ. ಮಾರುಕಟ್ಟೆ ಏರುವಾಗ ಜಾಣ, ಇಳಿಯುವಾಗ ದಡ್ಡ ಅಂತ ಅನ್ನಿಸುವುದು ಇವೆರಡನ್ನೂ ಒಟ್ಟಿಗೆ ಕಲಸಿದಾಗಲೇ. ಪಿಎಫ್ ವಿಷಯದಲ್ಲಿ ಒಂದು ಎಚ್ಚರ ಬೇಕು. ಪಾಸ್‌ಬುಕ್‌ನಲ್ಲಿ ಬಡ್ಡಿ ವರ್ಷಕ್ಕೊಮ್ಮೆ, ಅದೂ ತಡವಾಗಿ ಬೀಳುತ್ತದೆ. ಬಿದ್ದಾಗಲೇ ಬರೆದರೆ ಒಂದು ಕ್ವಾರ್ಟರ್ ಸುಮ್ನೆ ಉಬ್ಬುತ್ತದೆ. 2024-25ರ 8.25 ಪರ್ಸೆಂಟ್ ಬಡ್ಡಿಯನ್ನು ನಾನು ಕೈಯಾರೆ ಹಂಚಿ ಬರೆದೆ.

ಇನ್ನು ಖರ್ಚು. ಎಲ್ಲರೂ ಸೋಲುವುದು ಇಲ್ಲೇ. ಖರ್ಚು ಬರೆಯುವ ಆ್ಯಪ್‌ಗಳನ್ನು ಒಂದರ ಮೇಲೊಂದು ಹಾಕಿ ತೆಗೆದೆ. ಒಂದಕ್ಕೆ ಚಂದಾ ಅಂತ ಎರಡು ಸಾವಿರ ಚಿಲ್ಲರೆ ಕೊಟ್ಟೂ ಇದ್ದೆ. ದೇವರಾಜ ಮಾರ್ಕೆಟ್‌ನಲ್ಲಿ ನಗದು ಕೊಟ್ಟ ಹೂವು, ಹೆಂಡತಿಯ ಯುಪಿಐ, ಅಪ್ಪನ ಔಷಧಿ, ಯಾವುದೂ ಸರಿಯಾಗಿ ಹಿಡಿತಕ್ಕೆ ಬರಲಿಲ್ಲ. ಕೊನೆಗೆ ಲೆಕ್ಕವನ್ನೇ ತಿರುಗಿಸಿದೆ. ಏನು ಖರ್ಚಾಯಿತು ಅಂತ ಬರೆಯುವುದು ಬೇಡ, ಏನು ಉಳಿಯಿತು ಅಂತ ನೋಡಿದರೆ ಸಾಕು.

ಒಂದು ಕ್ವಾರ್ಟರ್ ತೋರಿಸುತ್ತೇನೆ. ಇಬ್ಬರ ಸಂಬಳ ಸೇರಿ ಕೈಗೆ ಬಂದದ್ದು 4.95 ಲಕ್ಷ. ಎಸ್‌ಐಪಿಗೆ 1.80, ಇಎಂಐಗೆ 0.96 ಹೋಯಿತು. ಎಸ್‌ಬಿ ಖಾತೆಗಳಲ್ಲಿ 15 ಸಾವಿರ ಹೆಚ್ಚಾಗಿತ್ತು. ಉಳಿದ 2.04 ಲಕ್ಷ ಖರ್ಚಾಗಿದೆ ಅಂತಲೇ ಅರ್ಥ, ಬೇರೆಲ್ಲಿಗೆ ಹೋಗಬೇಕು? ಕ್ರೆಡಿಟ್ ಕಾರ್ಡ್ ಬಾಕಿ ಕಳೆದ ಸಲಕ್ಕಿಂತ 8 ಸಾವಿರ ಜಾಸ್ತಿ ಇದ್ದರೆ ಅದನ್ನೂ ಕೂಡಿಸಿ: 2.12. ಇಷ್ಟಕ್ಕೆ ಅರ್ಧ ಗಂಟೆಯೂ ಬೇಡ. ಇಎಂಐ ಖರ್ಚಿನಲ್ಲಿ ಸೇರಿಸುವುದಿಲ್ಲ, ಏಕೆಂದರೆ ಸಾಲದ ಬಾಕಿಯನ್ನು ಆಗಲೇ ಕಳೆದಿದ್ದೇವೆ. ಎರಡೂ ಕಡೆ ಹಿಡಿದರೆ ಒಂದೇ ಸಾಲಕ್ಕೆ ಎರಡು ಸಲ ಅತ್ತ ಹಾಗೆ. ಯಾರಿಗಾದರೂ ಕೈಸಾಲ ಕೊಟ್ಟಿದ್ದರೆ ಮಾತ್ರ ಈ ಲೆಕ್ಕ ಕೆಡುತ್ತದೆ. ಕ್ವಾರ್ಟರ್ ಖರ್ಚು ಇದ್ದಕ್ಕಿದ್ದಂತೆ ಐವತ್ತು ಸಾವಿರ ಹಾರಿದರೆ ಮೊದಲು ಅದನ್ನೇ ಹುಡುಕಿ.

ಒಂದು ಕ್ವಾರ್ಟರ್ ಖರ್ಚನ್ನು ನಾಲ್ಕರಿಂದ ಗುಣಿಸಬೇಡಿ. ಜೂನ್‌ನಲ್ಲಿ ಸ್ಕೂಲ್ ಫೀಸು, ಅಕ್ಟೋಬರ್‌ನಲ್ಲಿ ದಸರಾ, ಮನೆಗೆ ನೆಂಟರು. ಹಿಂದಿನ ನಾಲ್ಕು ಕ್ವಾರ್ಟರ್ ಕೂಡಿಸಿದರೆ ಮಾತ್ರ ನಿಜ ಹೊರಬರುತ್ತದೆ. ದುಡಿಯುವ ದುಡ್ಡನ್ನು ಅದರಿಂದ ಭಾಗಿಸಿ, ಎಷ್ಟು ವರ್ಷದ ಖರ್ಚು ಕೈಯಲ್ಲಿದೆ ಅಂತ ಗೊತ್ತಾಗುತ್ತದೆ. ಶೀಟಿನಲ್ಲಿ ನನ್ನ ಸಾಲು ಹೀಗಿದೆ, B2 ಫಂಡ್, B3 ಪಿಎಫ್, B4 ಎಫ್‌ಡಿ, B5 ಸಾಲ, E ಕಾಲಂನಲ್ಲಿ ಖರ್ಚು:

```
=(B2+B3+B4-B5)/SUM(E2:E5)
```

ಸೆಪ್ಟೆಂಬರ್‌ನಲ್ಲಿ 72ನ್ನು ವರ್ಷದ ಖರ್ಚು 7.8ರಿಂದ ಭಾಗಿಸಿದರೆ 9.2 ವರ್ಷ. ಮಾರ್ಚ್‌ನಲ್ಲಿ ಮಗಳ ಟ್ಯೂಷನ್ ಸೇರಿ ಖರ್ಚು 8.4 ಆಗಿತ್ತು. 74ನ್ನು ಭಾಗಿಸಿದರೆ 8.8. ನೆಟ್‌ವರ್ತ್ 14 ಲಕ್ಷ ಏರಿದ ಅದೇ ಆರು ತಿಂಗಳಲ್ಲಿ ನಾನು ಸುಮಾರು ಐದು ತಿಂಗಳ ಬದುಕು ಹಿಂದೆ ಹೋಗಿದ್ದೆ. ಅದರಲ್ಲೂ ಇಳಿಸಿದ್ದು ಷೇರು ಮಾತ್ರ ಅಲ್ಲ. ಖರ್ಚು 7.8ರಲ್ಲೇ ನಿಂತಿದ್ದರೆ ಅದೇ 74ಕ್ಕೆ 9.5 ಬರುತ್ತಿತ್ತು. ಕುಸಿದ ಮಾರುಕಟ್ಟೆಯಲ್ಲೂ ಮುಂದೆ ಹೋಗುತ್ತಿದ್ದೆ!

ಗುರಿ ಎಷ್ಟು ಅನ್ನುವುದು ಜಗಳದ ವಿಷಯ. ನಿವೃತ್ತಿಯ ಮೊದಲ ವರ್ಷ ಗಂಟಿನ 4 ಪರ್ಸೆಂಟ್ ತೆಗೆಯಬಹುದು ಅಂತ 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಹೇಳಿದ್ದು, ಅಂದರೆ 25 ವರ್ಷದ ಖರ್ಚು, ಅಮೆರಿಕದ ಅಂಕಿಗಳ ಮೇಲೆ, 30 ವರ್ಷದ ನಿವೃತ್ತಿಗೆ. ನಾನು 33 ವರ್ಷದ ಖರ್ಚು ಅಂತ ಇಟ್ಟುಕೊಂಡಿದ್ದೇನೆ. ಫಂಡ್ ಮಾರುವಾಗಿನ ತೆರಿಗೆಗೆ ಎಷ್ಟು ಕಳೆಯುತ್ತೇನೆ, ಯಾವ ಅಂಕಿ ಕಂಡಾಗ ಎಫ್‌ಡಿ ಮುರಿದು ಫಂಡಿಗೆ ಹಾಕುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ತಮಾಷೆಗೆ ಇನ್ನೊಂದು ಮಾಡಿ ನೋಡಿದೆ. ಇಡೀ ನೆಟ್‌ವರ್ತನ್ನು 22 ಕ್ಯಾರೆಟ್ ಚಿನ್ನದ ಗ್ರಾಂನಲ್ಲಿ ಬರೆದೆ. ಸೆಪ್ಟೆಂಬರ್‌ನಲ್ಲಿ ಮೂರು ಕೆಜಿ ಮೇಲಿದ್ದದ್ದು ಮಾರ್ಚ್‌ನಲ್ಲಿ 2.8 ಕೆಜಿ ಆಗಿತ್ತು. ಮನೆಯಲ್ಲಿ ತೋರಿಸಿದಾಗ "ನಾನು ಹೇಳಿರ್ಲಿಲ್ವಾ, ಚಿನ್ನ ತಗೊಳ್ಳಿ ಅಂತ" ಎಂಬ ಉತ್ತರ ಬಂತು. ಆ ಕಾಲಂ ಈಗ ಅಡಗಿಸಿಟ್ಟಿದ್ದೇನೆ.

ಅಡಗಿಸಲಾಗದ ಕಾಲಂ ಸೈಟಿನದು. ತೆರಿಗೆ, ಬ್ರೋಕರ್ ಕಮಿಷನ್ ಎಲ್ಲ ಹೋಗಿ 43 ಲಕ್ಷ ಕೈಗೆ ಬಂದರೂ ಮಾರ್ಚ್ ಲೆಕ್ಕದಲ್ಲಿ 8.8 ಇದ್ದದ್ದು ಒಂದೇ ಏಟಿಗೆ 13.9 ಆಗುತ್ತದೆ. ರಿಯಲ್ ಎಸ್ಟೇಟ್ ಮಾಡುವ ಭಾಮೈದ "ಭಾವ, ಇನ್ನೆರಡು ವರ್ಷ ಮುಟ್ಟಬೇಡಿ, ಡಬಲ್ ಆಗುತ್ತೆ" ಅನ್ನುತ್ತಾನೆ. ಅಪ್ಪನಿಗಂತೂ ಭೂಮಿ ಮಾರುವ ಮಾತೇ ಆಗದು. ಜೂನ್ ಶೀಟಿನಲ್ಲಿ ಎರಡು ಸಾಲು ಹಾಕಿದ್ದೇನೆ, ಸೈಟು ಇದ್ದರೆ, ಸೈಟು ಮಾರಿದರೆ. ಊಟಕ್ಕೆ ಕೂತಾಗ ಅಪ್ಪನ ಮುಂದೆ ಇಡುವುದೊಂದು ಬಾಕಿ.